ಸಹೋದ್ಯೋಗಿಗೆ ಸಂತಾಪದ ಇಮೇಲ್: ಆರು ವಾಕ್ಯ ಬರೆಯುವ ಬಗೆ

"ಜೊತೆಗೆ ಕೆಲಸ ಮಾಡುವವರ ತಂದೆ ತೀರಿಕೊಂಡಿದ್ದಾರೆ. ಮೇಲ್ ಕಳಿಸಬೇಕು. ಏನು ಬರೆಯಲಿ?" ಈ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ಹೆಚ್ಚಿನವರು ಅಷ್ಟರಲ್ಲಾಗಲೇ ನಾಲ್ಕಾರು ಸಲ ಬರೆದು ಅಳಿಸಿರುತ್ತಾರೆ. ಬರೆದದ್ದು ಒಮ್ಮೆ ಸರ್ಕಾರಿ ಪ್ರಕಟಣೆಯಂತೆ ಕಾಣುತ್ತದೆ, ಇನ್ನೊಮ್ಮೆ ಅತಿ ಸಲಿಗೆಯಾಯಿತೇನೋ ಅನಿಸುತ್ತದೆ. ಕೊನೆಗೆ ಏನನ್ನೂ ಕಳಿಸದೆ ಸುಮ್ಮನಾಗುವವರೇ ಜಾಸ್ತಿ.

ಅಭಿನಂದನೆಯ ಮೇಲ್ ಬಗ್ಗೆಯೂ ಕೆಲವರು ಕೇಳಿದ್ದೀರಿ. ಬಡ್ತಿ ಸಿಕ್ಕವರಿಗೆ ಬರೆದ ಮೇಲ್‌ನಲ್ಲಿ ಒಂದು ಮಾತು ಹೆಚ್ಚುಕಡಿಮೆಯಾದರೂ ಅವರು ಖುಷಿಯಲ್ಲಿರುತ್ತಾರೆ, ಅದು ಹಾಗೇ ದಾಟಿಹೋಗುತ್ತದೆ. ಸಾವಿನ ಮನೆಯಲ್ಲಿ ಕೂತು ಓದುವವರ ವಿಷಯ ಬೇರೆ. ಒಂದು ಒರಟು ವಾಕ್ಯ ವರ್ಷಗಟ್ಟಲೆ ನೆನಪಿನಲ್ಲಿ ಉಳಿಯಬಹುದು. ಹಾಗಾಗಿ ಇಲ್ಲಿ ಸಂತಾಪದ ಮೇಲ್ ಒಂದನ್ನೇ ಹಂತ ಹಂತವಾಗಿ ನೋಡೋಣ.

ಉದಾಹರಣೆಗೆ ಒಂದು ಸಂದರ್ಭ ಇಟ್ಟುಕೊಳ್ಳೋಣ. ಸುಮಾ ಎಂಬವರು ನಿಮ್ಮದೇ ವಿಭಾಗದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಮೂರು ವರ್ಷದಿಂದ ಎದುರುಬದುರು ಮೇಜಿನಲ್ಲಿ ಕೂರುತ್ತೀರಿ, ಮನೆಗೆ ಹೋಗಿ ಬರುವಷ್ಟು ಸ್ನೇಹವಿಲ್ಲ. ಸೋಮವಾರ ಅವರ ತಂದೆ ತೀರಿಕೊಂಡರು. ಮಂಗಳವಾರ ಬೆಳಿಗ್ಗೆ ಮ್ಯಾನೇಜರ್ ಎಲ್ಲರಿಗೂ ವಿಷಯ ತಿಳಿಸಿದರು. ಆ ತಂದೆಯನ್ನು ನೀವು ನೋಡಿಲ್ಲ. ಈಗ ನೀವು ಬರೆಯಲು ಕೂತಿದ್ದೀರಿ, ಮೊದಲ ಕರಡು ಹೀಗೆ ಬಂತು:

> ವಿಷಯ: ದುಃಖದ ಸುದ್ದಿ – ತುರ್ತು
>
> ನಮಸ್ಕಾರ ಸುಮಾ ಅವರೇ, ಹೇಗಿದ್ದೀರಿ? ನಿಮ್ಮ ಪೂಜ್ಯ ತಂದೆಯವರ ಅಕಾಲಿಕ ನಿಧನದ ವಾರ್ತೆ ಕೇಳಿ ದಿಗ್ಭ್ರಮೆಯಾಯಿತು. ಏನಾಗಿತ್ತು? ನಿಮ್ಮ ನೋವು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಎರಡು ವರ್ಷದ ಹಿಂದೆ ನನ್ನ ತಾಯಿ ಹೋದಾಗ ನಾನೂ ಇದನ್ನೇ ಅನುಭವಿಸಿದ್ದೆ. ಕಾಲವೇ ಎಲ್ಲದಕ್ಕೂ ಮದ್ದು. ಧೈರ್ಯ ತಂದುಕೊಳ್ಳಿ, ಮನೆಯವರಿಗೆಲ್ಲ ನೀವೇ ಧೈರ್ಯ ಹೇಳಬೇಕು. ಭಗವಂತನು ಅವರ ಆತ್ಮಕ್ಕೆ ಚಿರಶಾಂತಿ ಕರುಣಿಸಲಿ. ಏನೇ ಬೇಕಿದ್ದರೂ ಸಂಕೋಚವಿಲ್ಲದೆ ಕೇಳಿ. ಅಂದ ಹಾಗೆ, ತಿಂಗಳ ಕೊನೆಯ ಲೆಕ್ಕದ ಫೈಲ್ ಎಲ್ಲಿದೆ ಅಂತ ಸಾಧ್ಯವಾದಾಗ ತಿಳಿಸಿ.

ಬರೆದವರ ಮನಸ್ಸು ಒಳ್ಳೆಯದೇ. ಆದರೆ ಇದರಲ್ಲಿ ಕಳಿಸಬಹುದಾದ ವಾಕ್ಯ ಒಂದೂ ಇಲ್ಲ. ಏಕೆ ಅನ್ನುವುದನ್ನು ನೋಡುತ್ತಾ ಇದನ್ನೇ ತಿದ್ದುತ್ತಾ ಹೋಗೋಣ.

ಹಂತ 1: ಬರೆಯುವ ಮೊದಲು ಮೂರು ವಿಷಯ ಖಚಿತ ಮಾಡಿಕೊಳ್ಳಿ

ತೀರಿಕೊಂಡವರು ಯಾರು ಅನ್ನುವುದು ಮೊದಲನೆಯದು. ಕಚೇರಿಯಲ್ಲಿ ಸುದ್ದಿ ಬಾಯಿಂದ ಬಾಯಿಗೆ ಬರುವಾಗ ಮಾವ ಹೋಗಿ ತಂದೆ ಆಗಿರುತ್ತಾರೆ, ಅತ್ತೆ ಹೋಗಿ ತಾಯಿ ಆಗಿರುತ್ತಾರೆ. ಬದುಕಿರುವ ತಾಯಿಗೆ ಸಂತಾಪ ಹೇಳುವುದಕ್ಕಿಂತ ದೊಡ್ಡ ತಪ್ಪು ಈ ಮೇಲ್‌ನಲ್ಲಿ ಇನ್ನೊಂದಿಲ್ಲ. ಒಂದಿಷ್ಟು ಅನುಮಾನವಿದ್ದರೂ ಸುದ್ದಿ ಹೇಳಿದವರನ್ನು ಇನ್ನೊಮ್ಮೆ ಕೇಳಿ. ಸ್ಪಷ್ಟವಾಗದಿದ್ದರೆ "ನಿಮ್ಮ ಮನೆಯಲ್ಲಾದ ಸಾವಿನ ಸುದ್ದಿ ತಿಳಿಯಿತು" ಎಂದಷ್ಟೇ ಬರೆಯಿರಿ.

ಸುದ್ದಿ ನಿಮಗೆ ಹೇಗೆ ತಿಳಿಯಿತು ಅನ್ನುವುದು ಎರಡನೆಯದು. ಮ್ಯಾನೇಜರ್ ಎಲ್ಲರಿಗೂ ಹೇಳಿದ್ದರೆ ತೊಂದರೆಯಿಲ್ಲ. ರಜೆಯ ಅರ್ಜಿ ನೋಡಿದವರೊಬ್ಬರು ನಿಮ್ಮೊಬ್ಬರ ಕಿವಿಯಲ್ಲಿ ಹೇಳಿದ್ದರೆ ತಡೆಯಿರಿ. ಸಹೋದ್ಯೋಗಿ ವಿಷಯವನ್ನು ಕಚೇರಿಯಿಂದ ದೂರ ಇಡಬಯಸಿರಬಹುದು. ಗರ್ಭಪಾತದಂಥ ನಷ್ಟದಲ್ಲಿ ಇದು ತುಂಬ ಸಲ ಆಗುತ್ತದೆ. ಅವರೇ ಹೇಳುವವರೆಗೆ ಅಥವಾ ಎಲ್ಲರಿಗೂ ತಿಳಿಯುವವರೆಗೆ ಮೇಲ್ ಬೇಡ.

ಮೂರನೆಯದು, ನೀವು ಅವರೊಂದಿಗೆ ದಿನಾ ಹೇಗೆ ಮಾತಾಡುತ್ತೀರಿ ಅನ್ನುವುದು. "ಸುಮಾ, ಬರ್ತೀರಾ?" ಅನ್ನುವವರು ಸಾವಿನ ಮೇಲ್‌ನಲ್ಲಿ ಇದ್ದಕ್ಕಿದ್ದಂತೆ "ಮಾನ್ಯರೇ" ಎಂದು ಶುರುಮಾಡಿದರೆ ಮಧ್ಯೆ ಗೋಡೆ ಎದ್ದಂತಾಗುತ್ತದೆ. ನೀವು ಅನ್ನುವವರಿಗೆ ನೀವು, ನೀನು ಅನ್ನುವವರಿಗೆ ನೀನು. ಕನ್ನಡದಲ್ಲೇ ಮಾತಾಡುವವರಾದರೆ ಕನ್ನಡದಲ್ಲೇ ಬರೆಯಿರಿ. ಕಚೇರಿಯ ಉಳಿದೆಲ್ಲ ಮೇಲ್ ಇಂಗ್ಲಿಷಿನಲ್ಲಿ ಹೋಗುತ್ತಿದ್ದರೂ ಇದೊಂದು ಕನ್ನಡದಲ್ಲಿದ್ದರೆ ತಪ್ಪೇನಿಲ್ಲ.

ಹಂತ 2: ಹೊಸ ಮೇಲ್ ತೆರೆಯಿರಿ, ವಿಳಾಸ ಈಗಲೇ ಹಾಕಬೇಡಿ

ಹಳೆಯ ಮೇಲ್‌ಗೆ Reply ಒತ್ತಿ ಬರೆಯುವುದು ತುಂಬ ಜನರ ಅಭ್ಯಾಸ. ವಿಳಾಸ ಹುಡುಕುವ ಕೆಲಸ ಉಳಿಯುತ್ತದೆ. ಆದರೆ ಹಾಗೆ ಮಾಡಿದರೆ ಹಳೆಯ ವಿಷಯದ ಸಾಲೇ ಮುಂದುವರಿಯುತ್ತದೆ, ಕೆಳಗೆ ಹಳೆಯ ಸಂಭಾಷಣೆಯೂ ಅಂಟಿಕೊಂಡು ಹೋಗುತ್ತದೆ. ನಾನೇ ಒಮ್ಮೆ ಹೀಗೆ ಕಳಿಸಿದ್ದೆ. ಕಳಿಸಿದ ಮೇಲೆ ನೋಡಿದರೆ ಸಂತಾಪದ ಮಾತಿನ ನೆತ್ತಿಯ ಮೇಲೆ "Re: ಬಾಕಿ ಬಿಲ್, ಎರಡನೇ ನೆನಪೋಲೆ" ಎಂದಿತ್ತು. ಅವರು ಏನೂ ಅನ್ನಲಿಲ್ಲ, ನನಗೆ ಮಾತ್ರ ಅದು ಇನ್ನೂ ಚುಚ್ಚುತ್ತದೆ.

ಹೊಸ ಮೇಲ್ ತೆರೆದು To ಜಾಗವನ್ನು ಖಾಲಿ ಬಿಡಿ. ವಿಳಾಸ ಇಲ್ಲದಿದ್ದರೆ ಅರ್ಧ ಬರೆದ ಮೇಲ್ ಕೈತಪ್ಪಿ ಹೋಗುವಂತಿಲ್ಲ. ವಿಳಾಸ ಕೊನೆಗೆ.

Subject ಸಾಲಿನ ಬಗ್ಗೆ ಒಂದು ಮಾತು ನೆನಪಿಡಿ: ಫೋನ್ ಬೀಗ ಹಾಕಿದ್ದಾಗಲೂ ಈ ಸಾಲು ಪರದೆಯ ಮೇಲೆ ಕಾಣಿಸಬಹುದು. ಪಕ್ಕದಲ್ಲಿ ಕೂತ ಮಗು ಅದನ್ನು ಓದಬಹುದು, ಸುಮಾ ಯಾವುದೋ ಸಾಲಿನಲ್ಲಿ ನಿಂತಿರುವಾಗ ಅದು ಥಟ್ಟನೆ ಕಣ್ಣಿಗೆ ಬೀಳಬಹುದು. ಹಾಗಾಗಿ "ನಿಮ್ಮ ತಂದೆಯ ಸಾವು" ಎಂದು ಅಲ್ಲಿ ಬರೆಯಬೇಡಿ. "ತುರ್ತು" ಎಂಬ ಮಾತೂ ಬೇಡ, ಕೆಂಪು ಆಶ್ಚರ್ಯಸೂಚಕ ಗುರುತೂ ಬೇಡ. ಸಾಲನ್ನು ಖಾಲಿ ಬಿಟ್ಟರೆ ನೂರಾರು ಮೇಲ್‌ಗಳ ನಡುವೆ ಅದು ಕಳೆದುಹೋಗುತ್ತದೆ. "ನಿಮ್ಮನ್ನು ನೆನೆಯುತ್ತಾ" ಅಥವಾ "ಸಂತಾಪಗಳು" ಸಾಕು. ತೆರೆಯುವ ಮೊದಲೇ ಇದು ಕೆಲಸದ ಮೇಲ್ ಅಲ್ಲ ಎಂದು ಗೊತ್ತಾಗುತ್ತದೆ, ಮನಸ್ಸಾದಾಗ ತೆರೆಯಬಹುದು.

ಹಂತ 3: ಮೊದಲ ವಾಕ್ಯದಲ್ಲೇ ವಿಷಯ ಹೇಳಿ

"ಹೇಗಿದ್ದೀರಿ?" ಎಂದು ಶುರುಮಾಡುವುದು ಬೆರಳುಗಳಿಗೆ ರೂಢಿಯಾಗಿಬಿಟ್ಟಿದೆ. ಅಪ್ಪನನ್ನು ಕಳೆದುಕೊಂಡ ಮರುದಿನ ಆ ಪ್ರಶ್ನೆಗೆ ಯಾರು ಏನು ಉತ್ತರ ಕೊಡಬೇಕು? "ಶುಭೋದಯ", "ಕ್ಷೇಮ ಎಂದು ಭಾವಿಸುತ್ತೇನೆ" ಕೂಡ ಇದೇ ಗುಂಪಿಗೆ ಸೇರಿದವು. ಹೆಸರು ಬರೆದು ನೇರವಾಗಿ ಸುದ್ದಿಗೆ ಬನ್ನಿ.

ಕನ್ನಡದಲ್ಲಿ ಸಾವನ್ನು ಹೇಳಲು ಹಲವು ಪದಗಳಿವೆ, ಒಂದೊಂದರ ತೂಕವೂ ಬೇರೆ. "ಸತ್ತರು" ಮೇಲ್‌ನಲ್ಲಿ ಒರಟು. "ನಿಧನರಾದರು" ಪತ್ರಿಕೆಯ ಭಾಷೆ, ದೂರದಿಂದ ಕೇಳಿದಂತಿರುತ್ತದೆ. ಪರಿಚಯ ಕಡಿಮೆ ಇದ್ದಾಗ ಅದೇ ಸರಿ. "ತೀರಿಕೊಂಡರು" ಎಂಬುದು ಮನೆಮಾತು, ಗೌರವವೂ ಇದೆ, ಹತ್ತಿರವೂ ಇದೆ. ಸಹೋದ್ಯೋಗಿಗೆ ಬರೆಯುವಾಗ ನಾನು ಹೆಚ್ಚಾಗಿ ಇದನ್ನೇ ಆರಿಸುತ್ತೇನೆ. "ದೈವಾಧೀನರಾದರು", "ಸ್ವರ್ಗಸ್ಥರಾದರು", "ಲಿಂಗೈಕ್ಯರಾದರು" ಎಂಬವು ಒಂದೊಂದು ನಂಬಿಕೆಗೆ ಸೇರಿದ ಮಾತುಗಳು. ಆ ಮನೆಯವರೇ ಅವನ್ನು ಬಳಸಿದ್ದರೆ ನೀವೂ ಬಳಸಿ, ಇಲ್ಲದಿದ್ದರೆ ಬಿಡಿ. "ಆತ್ಮಕ್ಕೆ ಚಿರಶಾಂತಿ" ಎಂಬ ಮಾತಿಗೂ ಇದೇ ನಿಯಮ. ಸುಮಾ ದೇವರನ್ನು ನಂಬುತ್ತಾರೋ ಇಲ್ಲವೋ ನಿಮಗೆ ಗೊತ್ತಿಲ್ಲದಿದ್ದರೆ ನಿಮ್ಮ ನಂಬಿಕೆಯನ್ನು ಅವರ ಅಪ್ಪನ ಮೇಲೆ ಹೊರಿಸಬೇಡಿ.

ಇನ್ನು ವಿಶೇಷಣಗಳು. ಕರಡಿನಲ್ಲಿ "ಅಕಾಲಿಕ ನಿಧನ" ಎಂದಿದೆ. ಅವರಿಗೆ ಎಂಬತ್ತು ದಾಟಿತ್ತೋ ಏನೋ ನಿಮಗೆ ಗೊತ್ತಿಲ್ಲ. ನಿಧನದ ಹಿಂದೆ ಅಕಾಲಿಕ ತಾನಾಗಿ ಬಂದು ಕೂತಿದೆ, ಅಷ್ಟೇ. "ಪೂಜ್ಯ", "ಪ್ರೀತಿಯ", "ವಾತ್ಸಲ್ಯಮಯಿ" ಎಂಬವನ್ನೂ ತೆಗೆಯಿರಿ. ಅಪ್ಪನೊಂದಿಗೆ ಹತ್ತು ವರ್ಷದಿಂದ ಮಾತು ಬಿಟ್ಟ ಮಕ್ಕಳಿದ್ದಾರೆ. ಅವರಿಗೂ ದುಃಖವಿರುತ್ತದೆ, ಅದು ಬೇರೆ ಥರದ್ದು. "ನಿಮ್ಮ ಪ್ರೀತಿಯ ತಂದೆ" ಎಂಬ ಮಾತು ಅಲ್ಲಿ ಗಾಯಕ್ಕೆ ಕೈ ಹಾಕಿದಂತೆ. "ನಿಮ್ಮ ತಂದೆ" ಅಂದರೆ ಎಲ್ಲರಿಗೂ ಒಪ್ಪುತ್ತದೆ.

ಹೀಗೆ ಸೋಸಿದ ಮೇಲೆ ಮೊದಲೆರಡು ವಾಕ್ಯ:

> ಸುಮಾ, ನಿಮ್ಮ ತಂದೆ ತೀರಿಕೊಂಡ ಸುದ್ದಿ ಇವತ್ತು ಬೆಳಿಗ್ಗೆ ತಿಳಿಯಿತು. ತುಂಬ ಬೇಸರವಾಯಿತು.

"ದಿಗ್ಭ್ರಮೆ" ಹೋಗಿ "ಬೇಸರ" ಬಂದಿದೆ. ಅವರ ತಂದೆಯನ್ನು ನೋಡಿಯೇ ಇಲ್ಲದ ನಿಮಗೆ ದಿಗ್ಭ್ರಮೆ ಆಗಿರುವುದಿಲ್ಲ, ಬೇಸರ ಖಂಡಿತ ಆಗಿರುತ್ತದೆ. ಆದದ್ದನ್ನೇ ಬರೆಯಿರಿ.

ಹಂತ 4: ನಿಮಗೆ ಮಾತ್ರ ಬರೆಯಲಾಗುವ ಒಂದು ವಾಕ್ಯ

ಇಡೀ ಮೇಲ್‌ನ ಜೀವ ಇರುವುದು ಇಲ್ಲಿ. ಉಳಿದ ವಾಕ್ಯಗಳನ್ನು ಯಾರು ಬೇಕಾದರೂ ಬರೆಯಬಹುದು, ಇದೊಂದನ್ನು ನೀವೇ ಬರೆಯಬೇಕು.

ತೀರಿಕೊಂಡವರನ್ನು ನೀವು ಕಂಡಿದ್ದರೆ ಸುಲಭ: ಕಂಡಾಗ ಆದ ಒಂದು ಚಿಕ್ಕ ಸಂಗತಿ ಬರೆಯಿರಿ. ಕಂಡಿಲ್ಲದಿದ್ದರೆ ಸಹೋದ್ಯೋಗಿಯ ಮೂಲಕ ಅವರು ನಿಮಗೆ ಹೇಗೆ ಗೊತ್ತು ಎಂದು ಯೋಚಿಸಿ. ಸುಮಾ ಅವರ ವಿಷಯದಲ್ಲಿ ಸ್ವಲ್ಪ ಹೊತ್ತು ಕೂತು ಯೋಚಿಸಿದರೆ ನೆನಪಾಗುತ್ತದೆ. ದಿನಾ ಮಧ್ಯಾಹ್ನ ಒಂದೂವರೆಗೆ ಅವರ ಫೋನ್ ಬಡಿದುಕೊಳ್ಳುತ್ತಿತ್ತು. "ಅಪ್ಪ" ಎಂದು ನಗುತ್ತಾ ಎದ್ದು, ಕಿಟಕಿಯ ಹತ್ತಿರ ಹೋಗಿ ಎರಡು ನಿಮಿಷ ಮಾತಾಡಿ ಬರುತ್ತಿದ್ದರು. ಮೂರು ವರ್ಷ ಎದುರಿಗೆ ಕೂತ ನೀವು ಇದನ್ನು ನೋಡಿದ್ದೀರಿ.

> ದಿನಾ ಮಧ್ಯಾಹ್ನ ಅವರ ಫೋನ್ ಬಂದಾಗ ನೀವು ನಗುತ್ತಾ ಎದ್ದು ಕಿಟಕಿ ಹತ್ತಿರ ಹೋಗುತ್ತಿದ್ದದ್ದು ಬೆಳಿಗ್ಗೆಯಿಂದ ನೆನಪಾಗುತ್ತಿದೆ.

ಈ ವಾಕ್ಯದಲ್ಲಿ ಹೊಗಳಿಕೆಯಿಲ್ಲ, ಸಮಾಧಾನದ ಮಾತೂ ಇಲ್ಲ. ಅವರಿಬ್ಬರ ನಡುವೆ ಇದ್ದದ್ದನ್ನು ಮೂರನೆಯವರೊಬ್ಬರು ಗಮನಿಸಿದ್ದರು ಎಂಬುದಷ್ಟೇ ಇದೆ. ಸಾಂತ್ವನ ಕೊಡುವುದು ಅದೇ.

ಇಲ್ಲಿ ಗಡಿ ಎಲ್ಲಿದೆ? ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತಿದ್ದದ್ದನ್ನು ಬರೆಯಬಹುದು. ಸುಮಾ ಒಮ್ಮೆ ಕಣ್ಣೀರು ಹಾಕುತ್ತಾ ನಿಮ್ಮೊಬ್ಬರಲ್ಲಿ ಹೇಳಿಕೊಂಡ ಅಪ್ಪನ ಕಾಯಿಲೆಯ ವಿವರ, ಮನೆಯ ಸಾಲದ ಕಥೆ, ಅಣ್ಣತಮ್ಮಂದಿರ ಜಗಳ ಬರೆಯಬಾರದು. ಕಚೇರಿಯ ಮೇಲ್ ಪೆಟ್ಟಿಗೆಯನ್ನು ಅವರೊಬ್ಬರೇ ನೋಡುತ್ತಾರೆ ಎಂದು ಹೇಳಲಾಗದು. ರಜೆಯಲ್ಲಿರುವವರ ಮೇಲ್ ನೋಡಿಕೊಳ್ಳಲು ಇನ್ನೊಬ್ಬರಿಗೆ ಅನುಮತಿ ಕೊಟ್ಟಿರುವುದು ಸಾಮಾನ್ಯ.

ನೆನಪು ಯಾವುದೂ ಇಲ್ಲದಿದ್ದರೆ ಹುಟ್ಟಿಸಬೇಡಿ. "ಅವರು ಎಂಥ ಮಹಾನ್ ವ್ಯಕ್ತಿಯಾಗಿರಬೇಕು, ನಿಮ್ಮನ್ನು ನೋಡಿದರೆ ಗೊತ್ತಾಗುತ್ತದೆ" ಎಂಬಂಥ ವಾಕ್ಯಕ್ಕೆ ಮನಸ್ಸು ಎಳೆಯುತ್ತದೆ, ಓದುವವರಿಗೆ ಅದು ಟೊಳ್ಳು ಎಂದು ತಕ್ಷಣ ತಿಳಿಯುತ್ತದೆ. ಈ ವಾಕ್ಯವನ್ನೇ ಬಿಟ್ಟು ಮುಂದೆ ಹೋಗಿ. ಮೂರೇ ವಾಕ್ಯದ ಮೇಲ್ ಕೂಡ ಪೂರ್ಣವಾದ ಮೇಲೇ.

ಹಂತ 5: ಸಮಾಧಾನದ ಮಾತುಗಳನ್ನು ತೆಗೆಯಿರಿ

ಈಗ ಕರಡಿನ ನಡುಭಾಗಕ್ಕೆ ಬರೋಣ. "ಏನಾಗಿತ್ತು?" ಎಂಬ ಪ್ರಶ್ನೆ ಮೊದಲು ಹೋಗಲಿ. ಸಾವಿನ ಕಾರಣವನ್ನು ಮೇಲ್‌ನಲ್ಲಿ ಎಂದೂ ಕೇಳಬಾರದು. ಕೆಲವು ಸಾವುಗಳ ಕಾರಣ ಹೇಳಲಾಗದ್ದು, ಇನ್ನು ಕೆಲವನ್ನು ಅವರು ಆಗಲೇ ಐವತ್ತು ಜನರಿಗೆ ಹೇಳಿ ಬಳಲಿರುತ್ತಾರೆ.

"ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ನನ್ನ ತಾಯಿ ಹೋದಾಗ ನಾನೂ..." ಎಂಬುದು ಒಳ್ಳೆಯ ಉದ್ದೇಶದಿಂದಲೇ ಬರುತ್ತದೆ. ಆದರೆ ಅಲ್ಲಿಂದ ಮೇಲ್ ನಿಮ್ಮ ಕಥೆಯಾಗುತ್ತದೆ, ಓದುವವರು ನಿಮಗೆ ಸಮಾಧಾನ ಹೇಳಬೇಕಾದ ಸ್ಥಿತಿ ಬರುತ್ತದೆ. ನಿಮ್ಮ ಅನುಭವ ನಿಜಕ್ಕೂ ಉಪಯೋಗಕ್ಕೆ ಬರಬಹುದು ಅನ್ನಿಸಿದರೆ ಅದನ್ನು ತಿಂಗಳ ನಂತರ, ಎದುರುಬದುರು ಕೂತಾಗ, ಅವರು ಕೇಳಿದರೆ ಹೇಳಿ.

"ಕಾಲವೇ ಮದ್ದು", "ಆದದ್ದೆಲ್ಲ ಒಳ್ಳೆಯದಕ್ಕೇ", "ನರಳದೆ ಹೋದರಲ್ಲ, ಪುಣ್ಯವಂತರು", "ತುಂಬು ಜೀವನ ನಡೆಸಿದರು". ಇವೆಲ್ಲ ಬೇರೆ ಬೇರೆ ದಾರಿಯಲ್ಲಿ ಒಂದೇ ಮಾತು ಹೇಳುತ್ತವೆ: ಇಷ್ಟೊಂದು ದುಃಖಪಡಬೇಡಿ. ಇದರಲ್ಲಿ ಕೆಲವನ್ನು ಸುಮಾ ತಾವೇ ಹೇಳಬಹುದು, "ನರಳಲಿಲ್ಲ, ಅದೇ ಸಮಾಧಾನ" ಅನ್ನಬಹುದು. ಆಗ ತಲೆಯಾಡಿಸಿ. ಮೊದಲು ನೀವು ಹೇಳಬೇಡಿ.

"ಧೈರ್ಯ ತಂದುಕೊಳ್ಳಿ, ಮನೆಯವರಿಗೆ ನೀವೇ ಧೈರ್ಯ ಹೇಳಬೇಕು" ಎಂಬುದು ನಮ್ಮ ಮಾತಿನಲ್ಲಿ ಎಷ್ಟು ಸಹಜವೆಂದರೆ ಅದರಲ್ಲಿರುವ ಅಪ್ಪಣೆ ನಮಗೆ ಕೇಳಿಸುವುದೇ ಇಲ್ಲ. ಅತ್ತು ಹಗುರಾಗಬೇಕಾದವರ ಹೆಗಲಿಗೆ ಇನ್ನೊಂದು ಜವಾಬ್ದಾರಿ ಏರಿಸಿದಂತೆ. ನಾನು ಈ ಸಾಲನ್ನು ಸಂತಾಪದ ಮೇಲ್‌ನಿಂದ ಪೂರ್ತಿ ಬಿಟ್ಟಿದ್ದೇನೆ. "ನಿಮ್ಮ ಬಗ್ಗೆ, ನಿಮ್ಮ ಮನೆಯವರ ಬಗ್ಗೆ ಯೋಚಿಸುತ್ತಿದ್ದೇನೆ" ಎಂದರೆ ಅದೇ ಕಾಳಜಿ ಅಪ್ಪಣೆಯಿಲ್ಲದೆ ತಲುಪುತ್ತದೆ.

ಹಂತ 6: ಸಹಾಯ ಹೇಳುವುದಾದರೆ ಹೆಸರಿಟ್ಟು ಹೇಳಿ

"ಏನೇ ಬೇಕಿದ್ದರೂ ಕೇಳಿ" ಎಂದಾಗ ಏನು ಬೇಕು, ಯಾರನ್ನು ಕೇಳಬೇಕು, ಎಷ್ಟು ಕೇಳಿದರೆ ಹೆಚ್ಚಾಗುತ್ತದೆ ಎಂದು ಲೆಕ್ಕ ಹಾಕುವ ಕೆಲಸ ಅವರ ಪಾಲಿಗೆ ಬರುತ್ತದೆ. ಬಹುಮಟ್ಟಿಗೆ ಯಾರೂ ಕೇಳುವುದಿಲ್ಲ. ಸಹೋದ್ಯೋಗಿಯಾಗಿ ನೀವು ಕೊಡಬಲ್ಲ ಅತ್ಯುತ್ತಮ ಸಹಾಯ ಕಚೇರಿಯ ಕೆಲಸದಲ್ಲೇ ಇರುತ್ತದೆ. ಆದ್ದರಿಂದ ಒಂದೇ ಒಂದು ಕೆಲಸ ಆರಿಸಿ.

> ಗುರುವಾರದ ಪಾವತಿ ಪಟ್ಟಿಯನ್ನು ನಾನು ಮಾಡಿ ಮುಗಿಸುತ್ತೇನೆ, ಮ್ಯಾನೇಜರ್‌ಗೂ ಹೇಳಿದ್ದೇನೆ.

ಇಲ್ಲಿ ಎರಡು ವಿಷಯ ಗಮನಿಸಿ. "ಮಾಡಲೇ?" ಎಂದು ಕೇಳಿಲ್ಲ, ಕೇಳಿದ್ದರೆ ಅವರು ಉತ್ತರ ಬರೆಯಬೇಕಿತ್ತು. ಮತ್ತೆ, ಮೇಲ್ ಬರೆಯುವ ಮೊದಲೇ ಮ್ಯಾನೇಜರ್ ಜೊತೆ ಮಾತಾಗಿದೆ. ಇಲ್ಲದಿದ್ದರೆ ಇನ್ನೊಬ್ಬರ ಕೆಲಸಕ್ಕೆ ಕೈ ಹಾಕಿದಂತಾಗುತ್ತದೆ, ಅದು ಅವರಿಗೆ ಹೊಸ ಚಿಂತೆ. "ಎಷ್ಟು ದಿನ ಬೇಕಾದರೂ ರಜೆ ತೆಗೆದುಕೊಳ್ಳಿ" ಎಂದು ಬರೆಯಬೇಡಿ, ರಜೆ ಕೊಡುವ ಅಧಿಕಾರ ನಿಮಗಿಲ್ಲ.

ಕರಡಿನ ಕೊನೆಯಲ್ಲಿ ಫೈಲ್ ಎಲ್ಲಿದೆ ಎಂಬ ಪ್ರಶ್ನೆಯಿತ್ತು. ಅಷ್ಟು ಹೊತ್ತು ಬರೆದ ಎಲ್ಲವನ್ನೂ ಆ ಒಂದು ಸಾಲು ಅಳಿಸಿಹಾಕುತ್ತದೆ, ಸಂತಾಪ ಬರೀ ಪೀಠಿಕೆಯಾಗಿತ್ತು ಅನ್ನಿಸುತ್ತದೆ. ಫೈಲ್ ನಿಜಕ್ಕೂ ಬೇಕೇ ಬೇಕಾದರೆ ಮೊದಲು ವಿಭಾಗದ ಬೇರೆಯವರನ್ನು ಕೇಳಿ. ಯಾರಿಗೂ ಗೊತ್ತಿಲ್ಲದಿದ್ದರೆ ಮ್ಯಾನೇಜರ್ ಮೂಲಕ, ಬೇರೆ ದಿನ, ಬೇರೆ ಮೇಲ್‌ನಲ್ಲಿ.

ಹಂತ 7: ಉತ್ತರದ ಹೊರೆ ಇಳಿಸಿ ಮುಗಿಸಿ

ಕೊನೆಯ ವಾಕ್ಯ ಇದು: "ಇದಕ್ಕೆ ಉತ್ತರ ಬರೆಯಬೇಕಾಗಿಲ್ಲ." ಅದಕ್ಕೆ ಏನನ್ನೂ ಸೇರಿಸಬೇಡಿ.

ಕೆಳಗೆ ಹೆಸರು ಮಾತ್ರ. ಹೆಚ್ಚಿನ ಕಚೇರಿ ಮೇಲ್‌ಗಳಲ್ಲಿ ಸಿಗ್ನೇಚರ್ ತಾನಾಗಿ ಅಂಟಿಕೊಳ್ಳುತ್ತದೆ. ಅಂದರೆ ಹೆಸರಿನ ಕೆಳಗೆ ಹುದ್ದೆ, ಫೋನ್ ಸಂಖ್ಯೆ, ಕಂಪನಿಯ ಚಿಹ್ನೆ, ಕೆಲವೊಮ್ಮೆ ಬಣ್ಣದ ಜಾಹೀರಾತು. ಸಾವಿನ ಮಾತಿನ ಕೆಳಗೆ "ಹೊಸ ಯೋಜನೆಗೆ ಇಂದೇ ನೋಂದಾಯಿಸಿ" ಎಂಬ ಚಿತ್ರ ಹೋಗುವುದನ್ನು ಊಹಿಸಿಕೊಳ್ಳಿ. ಕಳಿಸುವ ಮೊದಲು ಆ ಭಾಗವನ್ನು ಅಳಿಸಿ. ಕೈಮುಗಿದ ಅಥವಾ ಅಳುವ ಮುಖದ ಎಮೋಜಿಗಳೂ ಬೇಡ. ಚಾಟ್‌ನಲ್ಲಿ ಅವು ಒಪ್ಪಬಹುದು, ಮೇಲ್‌ನಲ್ಲಿ ಹಗುರವಾಗಿ ಕಾಣುತ್ತವೆ.

ತಿದ್ದಿದ ಮೇಲ್ ಈಗ ಹೀಗಿದೆ:

> ವಿಷಯ: ನಿಮ್ಮನ್ನು ನೆನೆಯುತ್ತಾ
>
> ಸುಮಾ,
>
> ನಿಮ್ಮ ತಂದೆ ತೀರಿಕೊಂಡ ಸುದ್ದಿ ಇವತ್ತು ಬೆಳಿಗ್ಗೆ ತಿಳಿಯಿತು. ತುಂಬ ಬೇಸರವಾಯಿತು. ದಿನಾ ಮಧ್ಯಾಹ್ನ ಅವರ ಫೋನ್ ಬಂದಾಗ ನೀವು ನಗುತ್ತಾ ಎದ್ದು ಕಿಟಕಿ ಹತ್ತಿರ ಹೋಗುತ್ತಿದ್ದದ್ದು ಬೆಳಿಗ್ಗೆಯಿಂದ ನೆನಪಾಗುತ್ತಿದೆ. ನಿಮ್ಮ ಬಗ್ಗೆ, ನಿಮ್ಮ ಮನೆಯವರ ಬಗ್ಗೆ ಯೋಚಿಸುತ್ತಿದ್ದೇನೆ.
>
> ಗುರುವಾರದ ಪಾವತಿ ಪಟ್ಟಿಯನ್ನು ನಾನು ಮಾಡಿ ಮುಗಿಸುತ್ತೇನೆ, ಮ್ಯಾನೇಜರ್‌ಗೂ ಹೇಳಿದ್ದೇನೆ. ಇದಕ್ಕೆ ಉತ್ತರ ಬರೆಯಬೇಕಾಗಿಲ್ಲ.

ಆರು ವಾಕ್ಯ. ಫೋನಿನಲ್ಲಿ ಬೆರಳು ಹೆಚ್ಚು ಆಡಿಸದೆ ಓದಿ ಮುಗಿಸಬಹುದು. ಇದಕ್ಕಿಂತ ತುಂಬ ಉದ್ದವಾದರೆ ಏನೋ ಒಳಗೆ ಸೇರಿಕೊಂಡಿದೆ ಎಂದೇ ಅರ್ಥ. ಮತ್ತೆ ಓದಿ, ಹೆಚ್ಚಾಗಿ ಅದು ಹಂತ 5ರ ಯಾವುದೋ ಒಂದು ಮಾತಾಗಿರುತ್ತದೆ.

ಹಂತ 8: ಕಳಿಸುವ ಮುನ್ನ

ಈಗ To ಜಾಗದಲ್ಲಿ ವಿಳಾಸ ಹಾಕಿ. ಎರಡಕ್ಷರ ಒತ್ತುತ್ತಿದ್ದಂತೆ ಮೇಲ್ ತಾನೇ ಒಂದು ಹೆಸರು ಸೂಚಿಸುತ್ತದೆ. ಒಂದೇ ಹೆಸರಿನ ಇಬ್ಬರಿದ್ದರೆ ಎಡವುವುದು ಇಲ್ಲೇ, ವಿಳಾಸವನ್ನು ಪೂರ್ತಿ ಓದಿ. Cc ಮತ್ತು Bcc ಖಾಲಿ ಇರಲಿ. ಇತರರಿಗೆ ಪ್ರತಿ ಕಳಿಸುವ ಜಾಗಗಳಿವು. Cc ಹಾಕಿದವರು ಎಲ್ಲರಿಗೂ ಕಾಣುತ್ತಾರೆ, Bcc ಹಾಕಿದವರು ಕಾಣುವುದಿಲ್ಲ. ಮ್ಯಾನೇಜರ್‌ಗೆ ಪ್ರತಿ ಹೋದ ಸಂತಾಪ ಯಾರಿಗೆ ತೋರಿಸಲು ಬರೆದದ್ದು ಎಂಬ ಅನುಮಾನ ಹುಟ್ಟಿಸುತ್ತದೆ. ಇದೇ ಕಾರಣಕ್ಕೆ, ಮ್ಯಾನೇಜರ್ ಎಲ್ಲರಿಗೂ ಕಳಿಸಿದ ಸುದ್ದಿಗೆ Reply all ಒತ್ತಿ ಸಂತಾಪ ಹೇಳಬೇಡಿ. ಒಬ್ಬರು ಶುರುಮಾಡಿದರೆ ಸಂಜೆಯೊಳಗೆ ಒಂದೇ ಥರದ ಮೂವತ್ತು ಸಾಲು ಸುಮಾ ಅವರ ಫೋನಿಗೆ ಸುರಿಯುತ್ತವೆ.

ಮೇಲ್ ಓದಿದರೆ ನಿಮಗೆ ಸೂಚನೆ ಬರುವ Read receipt ಆಯ್ಕೆ ಚಾಲೂ ಇದ್ದರೆ ನಿಲ್ಲಿಸಿ. ಓದಿದಿರೋ ಇಲ್ಲವೋ ಎಂದು ಶೋಕದಲ್ಲಿರುವವರ ಹಿಂದೆ ಬೀಳಬಾರದು.

ಕನ್ನಡದಲ್ಲಿ ಬರೆಯುವವರಿಗೆ ಒಂದು ತಾಂತ್ರಿಕ ಎಚ್ಚರಿಕೆ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ತಂದು ಅಂಟಿಸಿದರೆ, ಆ ಫಾಂಟ್ ಇಲ್ಲದ ಫೋನಿನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯೂನಿಕೋಡ್‌ನಲ್ಲಿ ಬರೆಯಿರಿ. ಎಲ್ಲ ಸಾಧನಗಳಿಗೂ ಒಂದೇ ಆಗಿರುವ ಅಕ್ಷರ ಸಂಕೇತ ಅದು. ಫೋನಿನ ಕನ್ನಡ ಕೀಲಿಮಣೆಯಲ್ಲಿ ಬರೆದದ್ದು ಯೂನಿಕೋಡೇ. ಬೇರೆಡೆಯಿಂದ ನಕಲು ಮಾಡಿ ಅಂಟಿಸಿದ ಸಾಲು ಬೇರೆ ಬಣ್ಣ, ಬೇರೆ ಗಾತ್ರದಲ್ಲಿ ಕಾಣುವುದೂ ಉಂಟು. ಎರವಲು ತಂದ ವಾಕ್ಯ ಎಂದು ಆಗ ಎದ್ದು ಕಾಣುತ್ತದೆ.

ಜಿಮೇಲ್ ಬಳಸುವವರು ಸೆಟ್ಟಿಂಗ್ಸ್‌ನಲ್ಲಿ Undo Send ಅವಧಿಯನ್ನು 30 ಸೆಕೆಂಡಿಗೆ ಇಟ್ಟುಕೊಳ್ಳಿ. ಅಲ್ಲಿ ಸಿಗುವ ಗರಿಷ್ಠ ಅಷ್ಟೇ. ಕಳಿಸಿದ ಕ್ಷಣದಲ್ಲಿ ಹೆಸರು ತಪ್ಪಿದ್ದು ಕಂಡರೆ ಹಿಂದಕ್ಕೆ ಪಡೆಯಬಹುದು.

ಪರಿಚಯ ಕಡಿಮೆ ಇದ್ದರೆ, ಸಂಬಂಧ ಸರಿ ಇಲ್ಲದಿದ್ದರೆ, ತಡವಾದರೆ

ಒಂದೆರಡು ಸಲ ಮಾತಾಡಿದವರಿಗೆ ಎರಡು ವಾಕ್ಯ ಸಾಕು: "ನಿಮ್ಮ ತಂದೆಯವರು ನಿಧನರಾದ ವಿಷಯ ತಿಳಿದು ಬೇಸರವಾಯಿತು. ನಿಮಗೂ ನಿಮ್ಮ ಮನೆಯವರಿಗೂ ನನ್ನ ಸಂತಾಪಗಳು." ಇದಕ್ಕೆ ಬಣ್ಣ ಹಚ್ಚಲು ಹೋಗಬೇಡಿ.

ನಿಮ್ಮ ಕೈಕೆಳಗೆ ಕೆಲಸ ಮಾಡುವವರಿಗೆ ಬರೆಯುವಾಗ ಒಂದು ವಾಕ್ಯ ಹೆಚ್ಚು ಬೇಕು. ಅವರ ತಲೆಯಲ್ಲಿ ಕೆಲಸದ ಚಿಂತೆ ಇದ್ದೇ ಇರುತ್ತದೆ. "ನಿಮ್ಮ ಕೆಲಸವನ್ನು ಇಲ್ಲಿ ಹಂಚಿಕೊಂಡಿದ್ದೇವೆ, ಆ ಬಗ್ಗೆ ಚಿಂತೆ ಬೇಡ" ಎಂದು ಬರೆಯಿರಿ, ಹಂಚಿದ ಮೇಲೆಯೇ ಬರೆಯಿರಿ. ಯಾವಾಗ ಬರುತ್ತೀರಿ ಎಂಬ ಪ್ರಶ್ನೆ ಈ ಮೇಲ್‌ನಲ್ಲಿ ಬೇಡ.

ಮಾತುಕತೆ ಅಷ್ಟಕ್ಕಷ್ಟೇ ಇರುವ, ಹಿಂದೆ ಜಗಳವಾದ ಸಹೋದ್ಯೋಗಿಗೂ ಬರೆಯಿರಿ. ಆದರೆ "ನಮ್ಮ ನಡುವೆ ಏನೇ ಇದ್ದರೂ" ಎಂದು ಶುರುಮಾಡಬೇಡಿ. ಹಳೆಯ ಜಗಳವನ್ನು ಅವರ ಮುಂದೆ ಮತ್ತೆ ತೆರೆದಿಟ್ಟಂತಾಗುತ್ತದೆ. ಮೇಲಿನ ಎರಡು ವಾಕ್ಯವೇ ಇಲ್ಲಿಗೂ ಸರಿ.

ಸುದ್ದಿ ತಿಳಿದ ಒಂದೆರಡು ದಿನದಲ್ಲಿ ಕಳಿಸುವುದು ಒಳ್ಳೆಯದು. ಮೂರು ವಾರದ ನಂತರ ತಿಳಿದರೂ, ತಿಳಿದೂ ಬರೆಯದೆ ಉಳಿದಿದ್ದರೂ, ಬರೆಯಲು ಕಾಲ ಮಿಂಚಿಲ್ಲ. ಮೊದಲ ವಾರದ ಮೇಲ್‌ಗಳು ನಿಂತುಹೋದ ಮೇಲೆ ಬರುವ ಒಂದು ಮೇಲ್‌ಗೆ ಅದರದೇ ಬೆಲೆಯಿದೆ. "ತಡವಾಗಿ ಬರೆಯುತ್ತಿದ್ದೇನೆ" ಎಂದು ಒಮ್ಮೆ ಹೇಳಿ, ತಡವಾದ ಕಾರಣವನ್ನು ವಿವರಿಸುತ್ತಾ ಕೂರಬೇಡಿ.

ನಿಮ್ಮ ಮೇಲ್‌ಗೆ ರಜೆಯ ತಾನಾಗಿ ಬರುವ ಉತ್ತರ ಬಂದರೆ ಗಾಬರಿಯಾಗಬೇಡಿ, ಮೇಲ್ ತಲುಪಿದೆ. ಮತ್ತೆ ಕಳಿಸಬೇಕಾಗಿಲ್ಲ. ಸುಮಾ ಕಚೇರಿಗೆ ಮರಳಿದ ದಿನ "ನನ್ನ ಮೇಲ್ ನೋಡಿದಿರಾ?" ಎಂದು ಕೇಳಲೂಬೇಡಿ. "ಬಂದಿರಾ, ಸುಮಾ" ಎಂದು ಹೇಳಿ. ಪಾವತಿ ಪಟ್ಟಿಯ ಫೈಲನ್ನು ಅವರ ಮೇಜಿನ ಮೇಲೆ ಇಟ್ಟು, ಎಲ್ಲಿಯವರೆಗೆ ಆಗಿದೆ ಎಂದು ತೋರಿಸಿ.